ವಾಯವ್ಯ ಮೂಲೆಗಿಟ್ಟರೂ ಹೋಗದ ಮಾಲು

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬೈಕ್ ಸ್ಪೇರ್ಸ್ ಅಂಗಡಿ ಇಟ್ಟಿದ್ದೇನೆ ಸರ್. ಒಂದು ಲಕ್ಷದ ಕಾರ್ಬ್ಯುರೇಟರ್ ಮತ್ತು ಅದರ ಕಿಟ್‌ಗಳು ಮೂರು ವರ್ಷದಿಂದ ಹಾಗೇ ಬಿದ್ದಿವೆ. ಅರ್ಧ ರೇಟಿಗೂ ಯಾರೂ ಕೇಳುತ್ತಿಲ್ಲ. ನಷ್ಟಕ್ಕೆ ಮಾರುವ ಬದಲು ರೈಟ್ ಆಫ್ ಮಾಡಿ, ತೆರಿಗೆ ಉಳಿಯುತ್ತೆ ಅಂತ ಗೆಳೆಯರು ಹೇಳಿದರು. ಮಾಡಬಹುದಾ?

ಈ ಗೆಳೆಯರು ಎಲ್ಲ ಊರಲ್ಲೂ ಇದ್ದಾರೆ. ಮಾರ್ಚ್ ಬಂತೆಂದರೆ ನನಗೆ ಇದೇ ಪತ್ರ. ರೈಟ್ ಆಫ್ ಮಾಡಬೇಡಿ.

ಲೆಕ್ಕ ನೋಡಿ. ನೀವು ಕೊಂಡಾಗ ಈ ಮಾಲಿಗೆ 28% ಜಿಎಸ್‌ಟಿ ಇತ್ತು. ಅಂದರೆ 28,000 ರೂಪಾಯಿ ಇನ್‌ಪುಟ್ ಕ್ರೆಡಿಟ್ ಆಗಲೇ ತೆಗೆದುಕೊಂಡಿದ್ದೀರಿ. ಪುಸ್ತಕದಲ್ಲಿ ರೈಟ್ ಆಫ್ ಮಾಡಿದ ಮಾಲಿಗೆ ಆ ಕ್ರೆಡಿಟ್ ಸಿಗುವುದಿಲ್ಲ, ವಾಪಸ್ ಕಟ್ಟಬೇಕು. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್) ಇದನ್ನೇ ಹೇಳುತ್ತದೆ. ನಿಮ್ಮ ನಷ್ಟ ಒಂದು ಲಕ್ಷವಲ್ಲ, 1,28,000. ಅದೇ ಮಾಲನ್ನು 35,000ಕ್ಕೆ ಬಿಲ್ ಹಾಕಿ ಮಾರಿ. 22 ಸೆಪ್ಟೆಂಬರ್ 2025ರಿಂದ ಬಿಡಿಭಾಗಗಳಿಗೆ 18% ಇದೆ, ಅದನ್ನು ಕೊಳ್ಳುವವನು ಕೊಡುತ್ತಾನೆ. ಸಾಗಣೆಗೆ 3,000 ಹೋಯಿತು ಅನ್ನಿ, ಕೈಗೆ 32,000 ಬಂತು. ನಷ್ಟ 68,000ಕ್ಕೆ ನಿಂತಿತು. ಅಸಲಿಗಿಂತ ಕಡಿಮೆಗೆ ಮಾರಿದೆ ಅಂತ ಕ್ರೆಡಿಟ್ ವಾಪಸ್ ಕೊಡಬೇಕಿಲ್ಲ.

ಮಾರ್ಚ್ 31ರೊಳಗೆ ಮಾರಲು ಆಗಲಿಲ್ಲ ಅಂದರೆ? ಸ್ಟಾಕ್ ಲಿಸ್ಟ್‌ನಲ್ಲಿ ಆ ಮಾಲಿನ ಬೆಲೆ ಒಂದು ಲಕ್ಷ ಬರೆಯಬೇಡಿ, 32,000 ಬರೆಯಿರಿ. ಕೊಂಡ ಬೆಲೆ, ಖರ್ಚು ಕಳೆದು ಸಿಗುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮಿಕ್ಕ 68,000 ನಿಮ್ಮ ಪ್ರಾವಿಷನ್. ಮಾಲು ಪುಸ್ತಕದಲ್ಲಿ ಇನ್ನೂ ಇರುವುದರಿಂದ ಇದು ರೈಟ್ ಆಫ್ ಅಲ್ಲ. ಆದರೆ ಸೊನ್ನೆಗೆ ಇಳಿಸಬೇಡಿ, ಅಲ್ಲಿಂದ ತಕರಾರು ಶುರುವಾಗುತ್ತದೆ. ಇಡೀ ಅಂಗಡಿಯ ಸ್ಟಾಕ್ ಮೇಲೆ ಸುಮ್ನೆ 10% ತೆಗೆಯುವುದೂ ಬೇಡ, ಆದಾಯ ತೆರಿಗೆಯವರು ಒಪ್ಪುವುದಿಲ್ಲ. ಐಟಂ ಪ್ರಕಾರ ಪಟ್ಟಿ ಮಾಡಿ. ಜೊತೆಗೆ ಒಬ್ಬಿಬ್ಬರು ಕೊಳ್ಳುವವರ ಕೊಟೇಶನ್, ಏಪ್ರಿಲ್‌ನಲ್ಲಿ ಮಾರಿದ ಬಿಲ್ ಇಟ್ಟುಕೊಳ್ಳಿ.

ಇನ್ನು "ಯಾರೂ ಕೇಳುತ್ತಿಲ್ಲ" ಅಂದಿರಿ. ಯಾರನ್ನು ಕೇಳಿದಿರಿ? 2020ರ ಏಪ್ರಿಲ್‌ನಿಂದ ಬಿಎಸ್6 ಬಂತು, ಹೊಸ ಬೈಕ್‌ಗಳು ಫ್ಯುಯೆಲ್ ಇಂಜೆಕ್ಷನ್‌ಗೆ ಹೋದವು. ನಿಮ್ಮ ಕೌಂಟರ್‌ಗೆ ಬರುವವರ ಹತ್ತಿರ ಆ ಬೈಕ್‌ಗಳೇ ಜಾಸ್ತಿ. ಹಳೆಯವು ಹಳ್ಳಿಗೆ ಹೋಗಿವೆ, ಇನ್ನೂ ಓಡುತ್ತಿವೆ. ಕಲಘಟಗಿ, ಕುಂದಗೋಳ ಕಡೆಯ ಮೆಕ್ಯಾನಿಕ್‌ಗಳಿಗೆ ಪಾರ್ಟ್ ನಂಬರ್ ಪಟ್ಟಿ ವಾಟ್ಸ್ಆ್ಯಪ್ ಮಾಡಿ, ಇಪ್ಪತ್ತರ ಗಂಟು ಕಟ್ಟಿ ಕೊಡಿ. ಅದಕ್ಕೂ ಮೊದಲು ಒಂದು ಕಿಟ್ ಬಿಚ್ಚಿ, ರಬ್ಬರ್ ಡಯಾಫ್ರಮ್ ತೆಗೆದು ಬೆರಳಲ್ಲಿ ಬಗ್ಗಿಸಿ. ಸಣ್ಣ ಬಿರುಕು ಕಂಡರೆ ಆ ಕಿಟ್ ಮಾರಬೇಡಿ, ಮೆಕ್ಯಾನಿಕ್ ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಅಲ್ಯೂಮಿನಿಯಂ ಬಾಡಿಗೆ ಏನೂ ಆಗಿರುವುದಿಲ್ಲ. ಬಾಡಿ ಬೇರೆ, ರಬ್ಬರ್ ಬೇರೆ ಲೆಕ್ಕ ಹಾಕಿ.

ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ಕೊಡುವ ಕಾಲ ಮುಗಿದಿದೆ. ಜಿಎಸ್‌ಟಿ ಸಮೇತ ಕ್ರೆಡಿಟ್ ನೋಟ್ ಬೇಕಿದ್ದರೆ, ಕೊಂಡ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರೊಳಗೆ ಕೇಳಬೇಕಿತ್ತು.

ಈ ಮಾಲು ಹೇಗೆ ಸೇರಿತು ಅಂತ ನೀವು ಬರೆದಿಲ್ಲ, ನಾನೇ ಹೇಳುತ್ತೇನೆ. ಸೇಲ್ಸ್‌ನವನು ತಿಂಗಳ ಕೊನೆಗೆ ಬಂದ, 10ಕ್ಕೆ 2 ಫ್ರೀ ಅಂದ. ಆ ಸ್ಕೀಮಿನ ಲಾಭ ಎಂದರೆ ಕೊನೆಯ ಆ ಎರಡು ಪೀಸ್. ಅವು ಶೆಲ್ಫ್‌ನಲ್ಲೇ ಉಳಿದರೆ ನಿಮಗೆ ಸಿಕ್ಕಿದ್ದು ಏನೂ ಇಲ್ಲ. ಇನ್ನು ಮುಂದೆ ಆರ್ಡರ್ ಕೊಡುವ ಮುಂಚೆ ಆ ಪಾರ್ಟ್ ನಂಬರ್ ಕಳೆದ ಆರು ತಿಂಗಳಲ್ಲಿ ಎಷ್ಟು ಹೋಗಿದೆ ನೋಡಿ. ತಿಂಗಳಿಗೆ 2 ಹೋಗುತ್ತಿದ್ದರೆ, ಮಾಲು ವಾರದಲ್ಲಿ ಬರುತ್ತಿದ್ದರೆ, 3 ಇದ್ದರೆ ಸಾಕು. ಡಬ್ಬಿಯ ಮೇಲೆ ಕೊನೆಯದಾಗಿ ಮಾರಿದ ತಾರೀಕು ಪೆನ್ಸಿಲ್‌ನಲ್ಲಿ ಬರೆಯಿರಿ. ಆರು ತಿಂಗಳು ಹಳೆಯದಾದರೆ ಆಗಲೇ ಬೆಲೆ ಇಳಿಸಿ, ಮೂರು ವರ್ಷ ಕಾಯಬೇಡಿ.

ಪ್ರಶ್ನೆ: ಹೋಗದ ಮಾಲನ್ನು ವಾಯವ್ಯಕ್ಕೆ ಇಟ್ಟರೆ ಬೇಗ ಖಾಲಿಯಾಗುತ್ತೆ ಅಂತ ವಾಸ್ತುವಿನವರು ಹೇಳಿದರು. ನಿಜಾನಾ?

ಅವರ ಫೀಸು ಮಾತ್ರ ಬೇಗ ಖಾಲಿಯಾಗುತ್ತದೆ, ನಿಮ್ಮ ಜೇಬಿನಿಂದ. ಬೇರೆ ಕಡೆ ಇಡುವುದೇ ಆದರೆ ಕೌಂಟರ್ ಪಕ್ಕ, ಬೆಲೆ ಚೀಟಿ ಹಚ್ಚಿ ಇಡಿ.

ಪ್ರಶ್ನೆ: ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಇಂಥ ಮಾಲನ್ನೂ ಪೂರ್ತಿ ಬೆಲೆಗೆ ತೋರಿಸಬಹುದಾ?

ಬೇಡ. ಸ್ಟಾಕ್ ಆಡಿಟರ್ ಬಂದು ಡಬ್ಬಿಯ ಮೇಲಿನ ಧೂಳು ನೋಡಿದರೆ ಸಾಕು. ಹಳೆಯದನ್ನು ಬೇರೆ ಸಾಲಿನಲ್ಲಿ ತೋರಿಸಿ. ಡ್ರಾಯಿಂಗ್ ಪವರ್ ಇಳಿಯುತ್ತದೆ, ಇಳಿಯಲಿ.