ಗಂಟೆ ಬಿಡಿ, ಪಾಠ ಹಿಡಿಯಿರಿ

*ಮಗಳು ಈ ಸಲ ಎಸ್ಸೆಸ್ಸೆಲ್ಸಿ. ಬೆಳಿಗ್ಗೆ ಐದರಿಂದ ಆರು ಗಣಿತ, ಆರರಿಂದ ಏಳು ವಿಜ್ಞಾನ ಅಂತ ಬಣ್ಣಬಣ್ಣದಲ್ಲಿ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸುತ್ತಾಳೆ. ನಾಲ್ಕೇ ದಿನಕ್ಕೆ ತಪ್ಪಿಹೋಗುತ್ತದೆ, ಮತ್ತೆ ಹೊಸದು ಬರೆಯುತ್ತಾಳೆ. ಪರೀಕ್ಷೆಗೆ ಇನ್ನು ಒಂಬತ್ತು ವಾರ. ಆರು ವಿಷಯಗಳ ಪುನರಾವರ್ತನೆಗೆ ನಡೆಯುವಂಥ ಪಟ್ಟಿ ಹೇಗೆ ಮಾಡಬೇಕು?*
*– ಓದುಗರೊಬ್ಬರು, ತಿಪಟೂರು*

ಅಮ್ಮಾ, ನಿಮ್ಮ ಮಗಳಿಗೆ ಪಟ್ಟಿ ಒಂದಲ್ಲ, ಎರಡು ಬೇಕು. ವಾರದ ಪಟ್ಟಿಯಲ್ಲಿ ವಿಷಯದ ಹೆಸರಷ್ಟೇ ಇರಲಿ. ಇನ್ನೊಂದು ಪಾಠಗಳ ಪಟ್ಟಿ, ನಿಜವಾದ ಕೆಲಸ ನಡೆಯುವುದು ಅದರಲ್ಲಿ.

ಮೊದಲು ವಾರದ್ದು. ಗಡಿಯಾರದ ಸಮಯ ಬರೆದರೆ, ಬೆಳಿಗ್ಗೆ ಅರ್ಧ ಗಂಟೆ ತಡವಾಗಿ ಎದ್ದ ದಿನವೇ ಇಡೀ ಸಾಲು ಸುಳ್ಳಾಗುತ್ತದೆ. ಅದರ ಬದಲು ಐವತ್ತು ನಿಮಿಷದ ಒಂದು ಅವಧಿಯನ್ನು ಅಳತೆಯಾಗಿ ಇಟ್ಟುಕೊಳ್ಳಿ. ಶಾಲೆ, ಸ್ಪೆಷಲ್ ಕ್ಲಾಸು, ಊಟ ಎಲ್ಲ ಕಳೆದು ಶಾಲೆಯಿರುವ ದಿನ ಬೆಳಿಗ್ಗೆ ಒಂದು, ಸಂಜೆ ಎರಡು ಅವಧಿ ಸಿಕ್ಕರೆ ಅದೇ ಹೆಚ್ಚು. ಸೋಮವಾರದಿಂದ ಶುಕ್ರವಾರದವರೆಗೆ ಹದಿನೈದು, ಅರ್ಧ ದಿನದ ಶನಿವಾರ ನಾಲ್ಕು, ಭಾನುವಾರ ಐದು, ಒಟ್ಟು ಇಪ್ಪತ್ತನಾಲ್ಕು. ಇದರಲ್ಲಿ ನಾಲ್ಕನ್ನು ಖಾಲಿ ಬಿಡಿ: ಬುಧವಾರ ಒಂದು, ಶನಿವಾರ ಒಂದು, ಭಾನುವಾರ ಎರಡು. ಜ್ವರ, ನೆಂಟರು, ಕರೆಂಟು ಹೋಗುವುದು ಎಲ್ಲಕ್ಕೂ ಜಾಗ ಇಲ್ಲಿದೆ. ಏನೂ ತಪ್ಪದ ವಾರ ಆ ಅವಧಿಗಳಲ್ಲಿ ಆಟವಾಡಲಿ. ಖಾಲಿ ಅವಧಿಯಿಲ್ಲದ ಪಟ್ಟಿ ನಾಲ್ಕನೇ ದಿನಕ್ಕೇ ಕೈಕೊಡುತ್ತದೆ.

ಉಳಿದ ಇಪ್ಪತ್ತರಲ್ಲಿ ಗಣಿತ ಮತ್ತು ವಿಜ್ಞಾನಕ್ಕೆ ಐದೈದು, ಸಮಾಜಕ್ಕೆ ನಾಲ್ಕು, ಮೂರು ಭಾಷೆಗಳಿಗೆ ಎರಡೆರಡು ಎಂದು ಶುರುಮಾಡಿ. ಪ್ರಥಮ ಭಾಷೆಗೆ ನೂರು ಅಂಕದ ಲಿಖಿತ ಪರೀಕ್ಷೆ, ಗಣಿತಕ್ಕೆ ಎಂಬತ್ತರದು, ಹೀಗಿರುವಾಗ ಕನ್ನಡಕ್ಕೆ ಕಡಿಮೆ ಯಾಕೆ ಎಂದು ಕೇಳಬಹುದು. ಅವಧಿ ಹಂಚುವುದು ಅಂಕ ನೋಡಿ ಅಲ್ಲ, ಇನ್ನೂ ಬಾರದ್ದು ಎಷ್ಟಿದೆ ಎಂದು ನೋಡಿ. ಅವಳಿಗೆ ಗಣಿತ ಸಲೀಸಾಗಿದ್ದು ಹಳಗನ್ನಡದ ಪದ್ಯ ಕಷ್ಟವಾದರೆ ಲೆಕ್ಕ ತಿರುಗಿಸಿ. ಸಮಾಜ ವಿಜ್ಞಾನದ ಒಂದೇ ಹೆಸರಿನಡಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲ ಇರುವುದರಿಂದ ಅದಕ್ಕೆ ನಾಲ್ಕಕ್ಕಿಂತ ಕಡಿಮೆ ಮಾಡಬೇಡಿ.

ಈಗ ಪಾಠಗಳ ಪಟ್ಟಿ. ಒಂದು ನೋಟ್‌ಬುಕ್ಕಿನಲ್ಲಿ ವಿಷಯಕ್ಕೊಂದು ಪುಟ. ಎಡಗಡೆ ಪಾಠಗಳ ಹೆಸರು, ಬಲಕ್ಕೆ ಖಾಲಿ ಮನೆಗಳು. ಗೋಡೆಯ ಟೈಮ್‌ಟೇಬಲ್ ಮುಂದೆ ಆಗಬೇಕಾದ್ದನ್ನು ಹೇಳಿದರೆ, ಇದು ಕಿರಾಣಿ ಅಂಗಡಿಯ ಖಾತೆಪುಸ್ತಕದ ಹಾಗೆ ಆದದ್ದನ್ನು ಬರೆದಿಡುತ್ತದೆ. ಒಂದು ಪಾಠ ಮುಗಿಸಿದ ಮೇಲೆ ಪುಸ್ತಕ ಮುಚ್ಚಿ, ಹಳೆಯ ಪ್ರಶ್ನೆಪತ್ರಿಕೆಯಿಂದ ಆ ಪಾಠದ ಹತ್ತು ಅಂಕದಷ್ಟು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ತಾನೇ ತಿದ್ದಿ, ತಾರೀಕು ಮತ್ತು ಅಂಕವನ್ನು ಆ ಪಾಠದ ಮುಂದಿನ ಖಾಲಿ ಮನೆಯಲ್ಲಿ ಹಾಕಬೇಕು.

| ಪಾಠ | 1 | 2 | 3 | 4 | 5 | 6 |
|---|---|---|---|---|---|---|
| ವಿದ್ಯುಚ್ಛಕ್ತಿ | ಜ. 12: 4 | ಜ. 15: 7 | ಜ. 25: 5 | ಜ. 28: 9 | ಫೆ. 7: 9 | ಫೆ. 28: 10 |
| ತ್ರಿಭುಜಗಳು | ಜ. 13: 6 | ಜ. 16: 8 | ಜ. 26: 8 | ಫೆ. 16: 9 | | |
| ಪ್ರಥಮ ಸ್ವಾತಂತ್ರ್ಯ ಸಂಗ್ರಾಮ | ಜ. 14: 7 | ಜ. 17: 9 | ಜ. 27: 9 | ಫೆ. 17: 9 | | |

ಇಲ್ಲಿ ನಿಯಮ ಒಂದೇ. ಮೊದಲ ಸಲದ ನಂತರ ಮೂರು ದಿನಕ್ಕೆ ಮತ್ತೆ ಆ ಪಾಠ. ಆಗ ಏಳು ಅಥವಾ ಹೆಚ್ಚು ಬಂದರೆ ಹತ್ತು ದಿನ ಬಿಟ್ಟು, ಆಗಲೂ ಬಂದರೆ ಮೂರು ವಾರ ಬಿಟ್ಟು. ಏಳಕ್ಕಿಂತ ಕಡಿಮೆಯಾದರೆ ಮತ್ತೆ ಮೂರು ದಿನಕ್ಕೆ. ಈ ಅಂತರಗಳು ಶಾಸನವೇನಲ್ಲ, ಒಂದೆರಡು ದಿನ ಆಚೀಚೆ ಆದರೆ ನಷ್ಟವಿಲ್ಲ. ಪಾಠ ಸ್ವಲ್ಪ ಮಸುಕಾಗತೊಡಗಿದಾಗ ಅದನ್ನು ಕೆದಕಿ ತೆಗೆಯಬೇಕು ಎನ್ನುವುದು ಮುಖ್ಯ.

ಮೊದಲ ಸಾಲನ್ನೇ ನೋಡಿ. ಜನವರಿ 12ರಂದು 6 ಓಮ್ ಮತ್ತು 3 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದ ಲೆಕ್ಕ ಬಂತು ಎನ್ನಿ. 1/6 ಮತ್ತು 1/3 ಕೂಡಿಸಿದಾಗ 1/2 ಬರುತ್ತದೆ. ಹುಡುಗಿ ಅಲ್ಲಿಗೇ ನಿಲ್ಲಿಸಿ ಉತ್ತರ ಅರ್ಧ ಓಮ್ ಎಂದು ಬರೆಯುತ್ತಾಳೆ. ಬಂದದ್ದು 1/R, ತಿರುಗಿಸಿದರೆ ಉತ್ತರ 2 ಓಮ್. ಇದು ಬಹಳ ಮಕ್ಕಳು ಮಾಡುವ ತಪ್ಪು. 15ಕ್ಕೆ ಸರಿ ಮಾಡಿದಳು, 25ಕ್ಕೆ ಮತ್ತದೇ ತಪ್ಪು, ಅಂಕ ಐದಕ್ಕಿಳಿಯಿತು. ಮೂರೇ ದಿನ ನೆನಪಿದ್ದದ್ದು ಹತ್ತು ದಿನಕ್ಕೆ ಜಾರಿತ್ತು. ಮಾರ್ಚಿನ ಪರೀಕ್ಷಾ ಕೊಠಡಿಯಲ್ಲಿ ಗೊತ್ತಾಗಬೇಕಿದ್ದದ್ದು ಜನವರಿಯಲ್ಲೇ ಗೊತ್ತಾಯಿತು. ಪಟ್ಟಿಯ ಆ ಮನೆಯಲ್ಲಿ ಅಂಕದ ಕೆಳಗೆ ‘ತಿರುಗಿಸು’ ಎಂದು ಒಂದೇ ಪದ ಬರೆದುಕೊಂಡರೆ, ಮುಂದಿನ ಸಲ ಇಡೀ ಪಾಠ ಓದುವ ಬದಲು ಅಂಥ ಲೆಕ್ಕಗಳನ್ನೇ ಹಿಡಿಯಬಹುದು.

ಇಷ್ಟು ಸಲ ತಿರುಗಲು ಸಮಯ ಎಲ್ಲಿ ಎಂದರೆ, ಪೂರ್ತಿ ಅವಧಿ ಬೇಕಾಗುವುದು ಮೊದಲ ಸಲ ಮಾತ್ರ. ಆಮೇಲೆ ಒಂದು ಪಾಠಕ್ಕೆ ಹದಿನೈದು ನಿಮಿಷ ಸಾಕು, ಒಂದು ಅವಧಿಯಲ್ಲಿ ಮೂರು ಹಳೆಯ ಪಾಠ ಮುಗಿಯುತ್ತವೆ. ಸೋಮವಾರ ಸಂಜೆ ‘ವಿಜ್ಞಾನ’ ಎಂದಿದ್ದರೆ ಆ ಪುಟ ತೆರೆದು, ತಾರೀಕು ಯಾವುದಕ್ಕೆ ಬಂದಿದೆಯೋ ಅದನ್ನು ಎತ್ತಿಕೊಳ್ಳುವುದು.

ಪುಸ್ತಕ ಮುಚ್ಚಿ ಬರೆಯುವುದನ್ನು ಮಾತ್ರ ಬಿಡಬೇಡಿ. ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದು ಗುಂಪು ಪಠ್ಯವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಓದಿದ ಮೇಲೆ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರದ್ದೇ ಮೇಲುಗೈ. ಒಂದು ವಾರದ ನಂತರ ಬರೆದವರು ಮುಂದಿದ್ದರು. ಮತ್ತೆ ಮತ್ತೆ ಓದುವ ಮಕ್ಕಳಿಗೆ ‘ಎಲ್ಲ ಬರುತ್ತದೆ’ ಅನ್ನಿಸುವುದು ಆ ಐದು ನಿಮಿಷದ ಭರವಸೆಯಿಂದ.

ಪಟ್ಟಿ ದಾರಿ ತಪ್ಪಿದ್ದು ನಿಮಗೆ ಕಣ್ಣಿಗೇ ಕಾಣುತ್ತದೆ. ಭಾನುವಾರ ನೋಟ್‌ಬುಕ್ ತೆರೆದಾಗ ಸುಲಭದ ಪಾಠಗಳ ಸಾಲು ತಾರೀಕುಗಳಿಂದ ತುಂಬಿದ್ದು, ತ್ರಿಕೋನಮಿತಿಯ ಸಾಲು ಖಾಲಿ ಇದ್ದರೆ ಅವಳು ಬಂದದ್ದನ್ನೇ ಓದುತ್ತಿದ್ದಾಳೆ. ಮುಂದಿನ ವಾರದ ಮೊದಲ ಗಣಿತ ಅವಧಿ ಆ ಖಾಲಿ ಸಾಲಿಗೆ. ಎಲ್ಲದಕ್ಕೂ ಒಂಬತ್ತು, ಹತ್ತೇ ಇದ್ದರೆ ತಿದ್ದುವಾಗ ಕೈ ಧಾರಾಳವಾಗಿದೆ, ಒಂದೆರಡು ಉತ್ತರಗಳನ್ನು ಶಾಲೆಯ ಮೇಷ್ಟ್ರಿಂದ ತಿದ್ದಿಸಿ. ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆ ಕೈಗೆ ಬಂದಾಗಲೂ ಒಟ್ಟು ಅಂಕ ನೋಡಿ ಬೈಯುವ ಬದಲು, ಅಂಕ ಹೋದ ಪಾಠ ಯಾವುದು ಎಂದು ಪಟ್ಟಿಯಲ್ಲಿ ಗುರುತು ಹಾಕಿಸಿ.

ಬೆಳಿಗ್ಗೆ ಐದಕ್ಕೇ ಏಳಬೇಕು ಎಂಬ ಹಟ ನನಗಿಲ್ಲ. ರಾತ್ರಿ ಹನ್ನೊಂದಕ್ಕೆ ಮಲಗುವ ಮಗು ಐದಕ್ಕೆ ಎದ್ದು ಪುಸ್ತಕದ ಮುಂದೆ ತೂಕಡಿಸಿದರೆ ಅದನ್ನು ಅವಧಿ ಎಂದು ಎಣಿಸಬೇಡಿ.

ಕೊನೆಯ ಎರಡು ವಾರಕ್ಕೆ ಹೊಸ ವಾರದ ಪಟ್ಟಿ ಬೇಕು. ಅದನ್ನು ಮಂಡಳಿಯ ಪರೀಕ್ಷಾ ವೇಳಾಪಟ್ಟಿ ಇಟ್ಟುಕೊಂಡು ಕೊನೆಯಿಂದ ಮೊದಲಿನ ಕಡೆಗೆ ಬರೆಯಬೇಕು. ಯಾವ ಪತ್ರಿಕೆಗೆ ಮೊದಲು ರಜೆಯಿದೆ, ಯಾವುದಕ್ಕಿಲ್ಲ ಎಂದು ಗುರುತು ಹಾಕಿ. ಹಿಂದೆ ಎರಡು ದಿನ ಬಿಡುವಿರುವ ವಿಷಯವನ್ನು ಆ ಬಿಡುವಿಗೇ ಉಳಿಸಿ. ಬಿಡುವಿಲ್ಲದ ವಿಷಯ ಮತ್ತು ಮೊದಲ ದಿನದ ವಿಷಯ, ಇವೆರಡನ್ನೂ ಪರೀಕ್ಷೆ ಶುರುವಾಗುವ ಮುಂಚೆಯೇ ಮುಗಿಸಿರಬೇಕು. ಈ ಎರಡು ಭಾನುವಾರ ಮಾತ್ರ ಖಾಲಿ ಅವಧಿಗಳನ್ನೂ ಸೇರಿಸಿಕೊಂಡು ಪೂರ್ತಿ ಪತ್ರಿಕೆಯೊಂದನ್ನು ನಡುವೆ ಏಳದೆ ಒಂದೇ ಸಲಕ್ಕೆ ಬರೆಸಿ: ಮೂರು ಗಂಟೆ ಹದಿನೈದು ನಿಮಿಷ, ಮೊದಲ ಹದಿನೈದು ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೆ. ಗಣಿತ ಒಂದು ವಾರ, ಸಮಾಜ ಇನ್ನೊಂದು ವಾರ. ಸಮಯ ಸಾಲದೆ ಉತ್ತರ ಬಿಟ್ಟುಹೋಗುವುದು ಹೆಚ್ಚಾಗಿ ಈ ಎರಡರಲ್ಲೇ.

– ಸಂ.