ಮೊದಲ ಡೇಟ್: ಎಲ್ಲಿ ಸಿಗುವುದು, ಹೇಗೆ ಮುಗಿಸುವುದು

ಪ್ರಶ್ನೆ: ಮೊದಲ ಸಲ ಡೇಟ್‌ಗೆ ಹೋಗ್ತಿದ್ದೀನಿ. ಎಲ್ಲಿ ಸಿಗಬೇಕು, ಏನು ಮಾತಾಡಬೇಕು, ಮುಜುಗರ ಇಲ್ಲದೆ ಹೇಗೆ ಮುಗಿಸಬೇಕು?

ಉತ್ತರ: ಜನ ಓಡಾಡುವ, ಗದ್ದಲವಿಲ್ಲದ ಕೆಫೆ ಸಾಕು. ಪೂರ್ತಿ ಊಟ ಬೇಡ. ಮಾತು ಕೂಡದಿದ್ದರೆ ಬಿಲ್ ಬರುವವರೆಗೂ ಇಬ್ಬರೂ ಸಿಕ್ಕಿಬೀಳುತ್ತೀರಿ. ಸಿನಿಮಾದಲ್ಲಂತೂ ಮಾತಿಗೇ ಜಾಗವಿಲ್ಲ. ಕರೆಯುವಾಗಲೇ "5ರಿಂದ 6:30ರವರೆಗೆ ಬಿಡುವಿದೆ" ಅಂದುಬಿಡಿ. ಆಗ ಏಳುವುದಕ್ಕೆ ನೆಪ ಹುಡುಕಬೇಕಿಲ್ಲ.

ಮಾತು ಕೆಡುವುದು ಹೆಚ್ಚಾಗಿ ವಿಷಯದಿಂದಲ್ಲ, ಒಂದರ ಹಿಂದೊಂದು ಪ್ರಶ್ನೆ ಎಸೆಯುವುದರಿಂದ; ಅದು ಸಂದರ್ಶನವಾಗಿಬಿಡುತ್ತದೆ. ಅವರು "ರಜೆ ಸಿಕ್ಕರೆ ಬೆಟ್ಟ ಹತ್ತೋಕೆ ಹೋಗ್ತೀನಿ" ಅಂದರು ಅಂದುಕೊಳ್ಳಿ. ತಕ್ಷಣ ನಿಮ್ಮ ಚಾರಣದ ಕಥೆ ಶುರು ಮಾಡಬೇಡಿ. "ಇದರ ಹುಚ್ಚು ಹೇಗೆ ಹಿಡೀತು?" ಅಂತ ಕೇಳಿ, ಪೂರ್ತಿ ಕೇಳಿಸಿಕೊಂಡು, ಆಮೇಲೆ ನಿಮ್ಮದು ಎರಡು ಮಾತು ಸೇರಿಸಿ. ಸಂಬಳ, ಹಳೆಯ ಪ್ರೇಮ ಇವತ್ತಿಗೆ ಬೇಡ. ಅವರು ಪದೇ ಪದೇ ಫೋನ್ ನೋಡುತ್ತಾ ಒಂದೇ ಪದದಲ್ಲಿ ಉತ್ತರಿಸುತ್ತಿದ್ದರೆ ಎಳೆಯದೆ ಮುಗಿಸಿ.

ಕರೆದವರು ಬಿಲ್ ಕೊಡುವುದು ಸರಿ. ಎದುರಿನವರು ಹಂಚಿಕೊಳ್ಳೋಣ ಅಂದರೆ ಜಗ್ಗಾಡದೆ ಒಪ್ಪಿಕೊಳ್ಳಿ. ಇಷ್ಟವಾಗಿದ್ದರೆ "ಮುಂದಿನ ವಾರ ಆ ಪುಸ್ತಕ ಮೇಳಕ್ಕೆ ಹೋಗೋಣವಾ?" ಅಂತ ಮಾತಲ್ಲಿ ಬಂದದ್ದನ್ನೇ ಹಿಡಿದು ಕೇಳಿ. ಇಷ್ಟವಾಗದಿದ್ದರೆ "ಮತ್ತೆ ಸಿಗೋಣ" ಅನ್ನಬೇಡಿ, ಅವರು ಕಾಯುತ್ತಾರೆ. "ಬಂದಿದ್ದಕ್ಕೆ ಥ್ಯಾಂಕ್ಸ್, ಹುಷಾರಾಗಿ ಹೋಗಿ" ಸಾಕು. ಅಪ್ಪುಗೆಗೆ ನೀವಾಗಿ ಮುಂದಾಗಬೇಡಿ. ಮನೆವರೆಗೆ ಬಿಡಲೇ ಅಂತ ಒಮ್ಮೆ ಕೇಳಬಹುದು. ಬೇಡ ಅಂದರೆ ಅಲ್ಲಿಗೇ ಬಿಡಿ.