ಇಂಡೆಂಟ್ ಬಿದ್ದಿದೆಯಾ, ಅದನ್ನು ಕೇಳಿ

*ನನಗೆ 43 ವರ್ಷ. ಹದಿನಾರು ವರ್ಷ ಕಾರ್ಖಾನೆಗಳ ಸ್ಟೋರ್ಸ್‌ನಲ್ಲಿ ದುಡಿದು, ಈಗ ಸ್ವಂತವಾಗಿ ಕನ್ಸಲ್ಟೆಂಟ್ ಆಗಿದ್ದೇನೆ. ಪೀಣ್ಯದ ಒಂದು ಕಾರ್ಖಾನೆಯವರು ಸ್ಟಾಕ್ ಸರಿಮಾಡಿಕೊಡಲು ಕರೆದಿದ್ದರು. ಪ್ಲಾಂಟ್ ಹೆಡ್ ಒಂದೂವರೆ ಗಂಟೆ ಮಾತಾಡಿಸಿ, "ನೀವೇ ಬೇಕು ಮೇಡಂ, ಪ್ರಪೋಸಲ್ ಕಳಿಸಿ" ಅಂದರು. ಮರುದಿನವೇ ಕಳಿಸಿದೆ. ನಾಲ್ಕು ತಿಂಗಳು, ವಾರಕ್ಕೆ ಮೂರು ದಿನ, ದಿನಕ್ಕೆ 9,000 ರೂಪಾಯಿ. ಹತ್ತೊಂಬತ್ತು ದಿನವಾಯಿತು, ಸದ್ದಿಲ್ಲ. ನಡುವೆ ಅವರ ಸ್ಟೋರ್ಸ್ ಹುಡುಗ ಎರಡು ಸಲ ಫೋನ್ ಮಾಡಿ ಏನೋ ಡೌಟ್ ಕೇಳಿದ, ಹೇಳಿದೆ. "ನೀನಾಗಿ ಫೋನ್ ಮಾಡಿದರೆ ರೇಟ್ ಇಳಿಸ್ತಾರೆ, ಸುಮ್ನಿರು" ಅಂತ ಭಾವ ಹೇಳ್ತಾರೆ. ರೇಟ್ ಜಾಸ್ತಿ ಹೇಳಿಬಿಟ್ಟೆನಾ?*
*— ಹೆಸರು ಬೇಡ, ತುಮಕೂರು*

ತುಮಕೂರಿನವರೇ, ನಿಮ್ಮ ಪತ್ರ ಓದಿ ನನ್ನ ಹಳೇ ಮೇಜು ನೆನಪಾಯಿತು. ಅಂಕಣ ಬರೆಯುವ ಮೊದಲು ನಾನು ಒಂದು ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿದ್ದೆ. ನಿಮ್ಮಂಥವರ ಪ್ರಪೋಸಲ್‌ಗಳು ಅಲ್ಲಿ ಟ್ರೇಯಲ್ಲಿ ಮಲಗಿರುತ್ತಿದ್ದವು. ರೇಟ್ ಜಾಸ್ತಿ ಅಂತ ಮಲಗಿದ್ದು ಕಡಿಮೆ. ಅದನ್ನು ಎತ್ತಿಕೊಂಡು ಹೋಗುವವರು ಯಾರೂ ಇಲ್ಲ ಅಂತ ಮಲಗಿದ್ದೇ ಹೆಚ್ಚು.

ನೀವು ಒಂದೇ ಸಾಲಿನಲ್ಲಿ ಹೇಳಿ ದಾಟಿಹೋದ ಆ ಸ್ಟೋರ್ಸ್ ಹುಡುಗನ ವಿಷಯಕ್ಕೆ ಬರೋಣ. ಅವನು ಎರಡು ಸಲ ಫೋನ್ ಮಾಡಿದ ಅಂದರೆ ಅಲ್ಲಿ ಯಾರೋ ಕೆಲಸ ಶುರು ಮಾಡಿದ್ದಾರೆ ಅಂತ ಅರ್ಥ. ನೀವು ಏನು ಹೇಳಿದಿರಿ ಅಂತ ಬರೆದಿಲ್ಲ, ಆದರೆ ಊಹಿಸಬಲ್ಲೆ. ಒಂದೇ 6205 ಬೇರಿಂಗ್ ಮೂರು ಹೆಸರಲ್ಲಿ, ಮೂರು ಕೋಡಲ್ಲಿ ಕೂತಿರುತ್ತದೆ. ಅದನ್ನು ಹೇಗೆ ಒಂದು ಮಾಡುವುದು ಅಂತ ಕೇಳಿರುತ್ತಾನೆ. ಎರಡು ವರ್ಷದಿಂದ ಅಲುಗಾಡದ ಮಾಲನ್ನು ಹೇಗೆ ಬೇರೆ ಮಾಡುವುದು ಅಂತ ಕೇಳಿರುತ್ತಾನೆ. ಅದು ಡೌಟ್ ಅಲ್ಲ ರೀ, ನೀವು ದಿನಕ್ಕೆ 9,000 ಅಂತ ಬೆಲೆ ಕಟ್ಟಿದ ಕೆಲಸವೇ ಅದು. ಹುಡುಗನ ಮೇಲೆ ನನಗೆ ಕೋಪವಿಲ್ಲ. ಮೇಲಿನವರು ಹೇಳಿದ್ದನ್ನು ಅವನು ಮಾಡಿದ. ಆದರೆ ಮೂರನೇ ಫೋನಿಗೂ ನೀವು ಹೀಗೇ ಉತ್ತರ ಕೊಟ್ಟರೆ ನಿಮ್ಮ ಪ್ರಪೋಸಲ್ ಅವರಿಗೆ ಬೇಕಾಗುವುದೇ ಇಲ್ಲ. ಮುಂದೆ ಅವನು ಕೇಳಿದರೆ, "ಅದನ್ನು ಸ್ಟಾಕ್ ಎದುರಿಗಿಟ್ಟುಕೊಂಡೇ ನೋಡಬೇಕಪ್ಪ, ಆರ್ಡರ್ ಬಂದ ದಿನ ಬರ್ತೀನಿ" ಅನ್ನಿ. ಬೈಯಬೇಡಿ, ಒಳಗೆ ಹೋದ ಮೇಲೆ ನಿಮಗೆ ಮೊದಲು ಬೇಕಾಗುವವನು ಅವನೇ.

ಅವನ ಫೋನು ಇನ್ನೊಂದು ಸುದ್ದಿಯನ್ನೂ ಹೇಳಿದೆ. ಅವರಿಗೆ ನಿಮ್ಮ ಕೆಲಸ ಇನ್ನೂ ಬೇಕಾಗಿದೆ. ಬೇಡ ಅಂತ ತೀರ್ಮಾನವಾಗಿದ್ದರೆ ಆ ಹುಡುಗ ನಿಮ್ಮ ನಂಬರ್ ಹುಡುಕುತ್ತಿರಲಿಲ್ಲ.

ಹಾಗಾದರೆ ಹತ್ತೊಂಬತ್ತು ದಿನ ಏನು ನಡೆಯಿತು? ಪ್ಲಾಂಟ್ ಹೆಡ್ "ನೀವೇ ಬೇಕು" ಅಂದದ್ದು ಸುಳ್ಳಲ್ಲ. ಆದರೆ ಅವರು ಬೇಕು ಅಂದರೆ ಸಾಲದು. ಅವರು ಇಂಡೆಂಟ್ ಹಾಕಬೇಕು, ಅಂದರೆ ಈ ಸೇವೆ ಇಷ್ಟು ಹಣಕ್ಕೆ ಬೇಕು ಅಂತ ಪರ್ಚೇಸ್‌ಗೆ ಕಾಗದದಲ್ಲೋ ಸಿಸ್ಟಮ್‌ನಲ್ಲೋ ಕೇಳಬೇಕು. ಅದಕ್ಕೆ ಫೈನಾನ್ಸ್‌ನವರು ಯಾವ ಬಜೆಟ್ಟಿನಿಂದ ಅಂತ ಕೇಳುತ್ತಾರೆ. ಪರ್ಚೇಸ್‌ನವರು ಇನ್ನೆರಡು ಕೊಟೇಶನ್ ತನ್ನಿ ಅನ್ನಬಹುದು. ಆಮೇಲೆ ನಿಮ್ಮ ಹೆಸರಿನಲ್ಲಿ ವೆಂಡರ್ ಕೋಡ್ ತೆರೆಯಬೇಕು. ಕೊನೆಗೆ ಪಿ.ಒ., ಅಂದರೆ ಪರ್ಚೇಸ್ ಆರ್ಡರ್ ಬರುತ್ತದೆ. ನಿಮ್ಮ ಪ್ರಪೋಸಲ್ ಇದರಲ್ಲಿ ಎಲ್ಲಿ ನಿಂತಿದೆ ಅಂತ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ನಿದ್ದೆಗೆಟ್ಟು ರೇಟಿನ ಮೇಲೆ ಅನುಮಾನ ಪಡುತ್ತಿದ್ದೀರಿ.

ಲೆಕ್ಕ ಹಾಕಿ ನೋಡಿ. ನಾಲ್ಕು ತಿಂಗಳೆಂದರೆ ಹದಿನಾರು ವಾರ, 48 ದಿನ, 4,32,000 ರೂಪಾಯಿ. ದಿನದ ರೇಟ್ ಯಾರಿಗೂ ಭಾರವಲ್ಲ, ಈ ಒಟ್ಟು ಮೊತ್ತ ಭಾರ. ಪ್ರತಿ ಕಾರ್ಖಾನೆಯಲ್ಲೂ ಪ್ಲಾಂಟ್ ಹೆಡ್ ತಾನೇ ಸಹಿ ಹಾಕಬಹುದಾದ ಒಂದು ಮಿತಿ ಇರುತ್ತದೆ. ಅದನ್ನು ದಾಟಿದರೆ ಫೈಲ್ ಮೇಲೆ ಹೋಗುತ್ತದೆ. ಮೇಲೆ ಕೂತವರು ನಿಮ್ಮನ್ನು ನೋಡಿಲ್ಲ, ಆ ಒಂದೂವರೆ ಗಂಟೆಯ ಮಾತು ಕೇಳಿಲ್ಲ. ಅವರ ಕಣ್ಣಿಗೆ ಕಾಣುವುದು ನಾಲ್ಕು ಲಕ್ಷ ಮಾತ್ರ.

ಈಗ ನಿಮ್ಮ ಭಾವನವರ ವಿಷಯ. ಅವರೇನು ಕೆಲಸ ಮಾಡುತ್ತಾರೋ ಗೊತ್ತಿಲ್ಲ, ಕನ್ಸಲ್ಟಿಂಗ್ ಅಂತೂ ಅಲ್ಲ. ಸೈಟ್ ಮಾರುವಾಗ ಸುಮ್ಮನಿದ್ದರೆ ರೇಟ್ ಏರಬಹುದೇನೋ. ನೀವು ಸುಮ್ಮನಿದ್ದರೆ ಪ್ಲಾಂಟ್ ಹೆಡ್ ನಿಮ್ಮನ್ನು ಮರೆಯುತ್ತಾರೆ, ಅಷ್ಟೇ. ಅವರಿಗೆ ಬೆಳಗಾದರೆ ಬ್ರೇಕ್‌ಡೌನ್, ಡಿಸ್ಪ್ಯಾಚ್, ಆಡಿಟ್. ಫಾಲೋ ಅಪ್‌ನಿಂದ ರೇಟ್ ಬಿದ್ದದ್ದನ್ನು ನಾನು ಕಂಡಿಲ್ಲ. "ಸರ್, ಏನಾದರೂ ಅಡ್ಜಸ್ಟ್ ಮಾಡೋಣ" ಅಂತ ತಾವಾಗಿ ಬಾಯಿ ಬಿಟ್ಟವರ ರೇಟ್ ಬಿದ್ದದ್ದನ್ನು ಬೇಕಾದಷ್ಟು ಕಂಡಿದ್ದೇನೆ. "ಪ್ರಪೋಸಲ್ ನೋಡಿದಿರಾ ಸರ್" ಅಂತಲೂ ಕೇಳಬೇಡಿ. ಅದಕ್ಕೆ "ನೋಡ್ತಿದೀವಿ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ.

ಪ್ಲಾಂಟ್ ಹೆಡ್‌ಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಸರ್, ಇಂಡೆಂಟ್ ಹಾಕಿದ್ದೀರಾ?" ಇದಕ್ಕೆ ಹೌದು ಅಥವಾ ಇಲ್ಲ, ಎರಡೇ ಉತ್ತರ.

ಹೌದು ಅಂದರೆ ನಿಮ್ಮ ದಾರಿ ಇನ್ನು ಪರ್ಚೇಸ್ ಕಡೆಗೆ. ಅಲ್ಲಿ ಯಾರನ್ನು ಕೇಳಬೇಕು ಅಂತ ಹೆಸರು ತಗೊಳ್ಳಿ, ವೆಂಡರ್ ಫಾರ್ಮ್ ಕೇಳಿ. ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್, ಉದ್ಯಮ್ ನೋಂದಣಿ ಪತ್ರ ಅವತ್ತೇ ಕಳಿಸಿ. ಉದ್ಯಮ್ ನೋಂದಣಿ ಇಲ್ಲವಾದರೆ ಈ ವಾರವೇ ಮಾಡಿಸಿ, ಸರ್ಕಾರಿ ಪೋರ್ಟಲ್‌ನಲ್ಲಿ ಅದಕ್ಕೆ ಶುಲ್ಕವಿಲ್ಲ. ಇಂಥ ಸಣ್ಣ ಉದ್ಯಮದವರಿಗೆ ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನಿದೆ. ಆ ಪತ್ರ ಮೊದಲೇ ಫೈಲಿನಲ್ಲಿದ್ದರೆ ಆಮೇಲೆ ನೀವು ಬಾಯಿ ಬಿಟ್ಟು ಕೇಳುವುದು ತಪ್ಪುತ್ತದೆ.

ಇಲ್ಲ ಅಂದರೆ ಅವತ್ತು ಸಂಜೆಯೇ ಒಂದು ಪುಟದ ಮೇಲ್ ಕಳಿಸಿ. ರೇಟ್ ಒಂದು ರೂಪಾಯಿಯೂ ಇಳಿಸಬೇಡಿ, ಕೆಲಸವನ್ನು ತುಂಡು ಮಾಡಿ. ಮೊದಲ ಹಂತ 8 ದಿನ, 72,000 ರೂಪಾಯಿ. ಆ ಎಂಟು ದಿನದಲ್ಲಿ ಹೆಚ್ಚು ಬೆಲೆಯ ಐಟಂಗಳನ್ನು ಕೈಯಾರೆ ಎಣಿಸಿ, ಸಿಸ್ಟಮ್ ಲೆಕ್ಕದ ಜೊತೆ ತಾಳೆ ನೋಡಿ, ಒಂದೇ ಮಾಲಿಗೆ ಎರಡು ಮೂರು ಕೋಡ್ ಇರುವುದರ ಪಟ್ಟಿ ಕೊಡುತ್ತೀರಿ. ಉಳಿದ 40 ದಿನದ ಮಾತು ಆ ಪಟ್ಟಿ ನೋಡಿದ ಮೇಲೆ. 72,000ಕ್ಕೆ ಪ್ಲಾಂಟ್ ಹೆಡ್ ತಾವೇ ಸಹಿ ಹಾಕಬಹುದಾದ ಸಾಧ್ಯತೆ ಜಾಸ್ತಿ. ಮೇಲೆ ಹೋದರೂ ಸಣ್ಣ ಮೊತ್ತಕ್ಕೆ ಅಷ್ಟು ಪ್ರಶ್ನೆ ಏಳುವುದಿಲ್ಲ.

ಅದೇ ಮೇಲ್‌ನಲ್ಲಿ ಇನ್ನೆರಡು ಸಾಲು ಇರಲಿ. ಮೊದಲನೆಯದು, ಈ ದರ ಯಾವ ದಿನಾಂಕದ ತನಕ ಅನ್ನುವುದು. ನೀವು ಬರೆದದ್ದು ನೋಡಿದರೆ ಮೊದಲ ಪ್ರಪೋಸಲ್‌ನಲ್ಲಿ ಅದು ಇದ್ದಂತಿಲ್ಲ. ಕೊನೆ ದಿನವಿಲ್ಲದ ಪ್ರಪೋಸಲ್ ಅವರಿಗೆ ಅರ್ಜೆಂಟ್ ಅನಿಸುವುದೇ ಇಲ್ಲ. ಹದಿನೈದು ದಿನ ಕೊಡಿ. ಎರಡನೆಯದು, ಜಿ.ಎಸ್.ಟಿ. ವಿಚಾರ. ನನ್ನ ಓದುಗರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ! ವರ್ಷದ ವಹಿವಾಟು 20 ಲಕ್ಷದೊಳಗಿದ್ದು ನೀವು ನೋಂದಾಯಿಸಿಕೊಂಡಿಲ್ಲವಾದರೆ "ಜಿ.ಎಸ್.ಟಿ. ಅನ್ವಯಿಸುವುದಿಲ್ಲ" ಅಂತ ಬರೆಯಿರಿ. ನೋಂದಣಿ ಇದ್ದರೆ "ಜಿ.ಎಸ್.ಟಿ. 18% ಬೇರೆ" ಅನ್ನಿ. ಏನೂ ಬರೆಯದೆ ಬಿಟ್ಟರೆ ಫೈನಾನ್ಸ್‌ನವರು ಅದನ್ನೊಂದು ಪ್ರಶ್ನೆ ಮಾಡಿಕೊಂಡು ಇನ್ನೊಂದು ವಾರ ತಳ್ಳುತ್ತಾರೆ.

ಆ ಹದಿನೈದು ದಿನ ಮುಗಿದ ಮೇಲೂ ಸದ್ದಿಲ್ಲದಿದ್ದರೆ "ಆ ದಿನಗಳನ್ನು ಬೇರೆ ಕೆಲಸಕ್ಕೆ ಕೊಡುತ್ತಿದ್ದೇನೆ" ಅಂತ ಎರಡು ಸಾಲಿನ ಮೇಲ್ ಹಾಕಿ, ನಿಜವಾಗಿಯೂ ಕೊಡಿ.

ಫೋನ್ ಮಂಗಳವಾರ ಮಾಡಿ. ಬೆಳಿಗ್ಗೆ ಹತ್ತಕ್ಕೆ ಬೇಡ, ಆಗ ಪ್ರೊಡಕ್ಷನ್ ಮೀಟಿಂಗ್ ಇನ್ನೂ ಮುಗಿದಿರುವುದಿಲ್ಲ. ಹನ್ನೊಂದೂವರೆಗೆ ಮಾಡಿ. ಭಾವನವರು ಮನೆಯಲ್ಲಿದ್ದರೆ ಮಹಡಿಗೆ ಹೋಗಿ ಮಾಡಿ.